ಪಂದ್ಯ ಮುಗಿದು ತಿಂಗಳಾದರೂ ಮುಗಿಯದ ಗೊಗ್ಗರು ದನಿ



ಕೂಗಿ ಕೂಗಿ ದನಿ ಬಿದ್ದುಹೋಗುವುದನ್ನು ನಮ್ಮ ಕಡೆ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಜಾತ್ರೆಯ ಮರುದಿನ, ಚುನಾವಣೆಯ ಮರುದಿನ, ಕಬಡ್ಡಿ ಪಂದ್ಯದ ಮರುದಿನ ಅರ್ಧ ಊರಿನ ದನಿ ಗೊಗ್ಗರಾಗಿರುತ್ತದೆ. ಅದನ್ನು ಕೇಳಿ ನಗುತ್ತೇವೆ, ಒಂದು ಲೋಟ ಬಿಸಿ ಹಾಲಿಗೆ ಅರಿಶಿನ, ಮೆಣಸು ಹಾಕಿ ಕೊಡುತ್ತೇವೆ, ಮರೆಯುತ್ತೇವೆ. ಹೆಚ್ಚಿನ ಪಾಲು ಹೀಗೆ ಮರೆಯುವುದರಿಂದ ಯಾವ ಹಾನಿಯೂ ಇಲ್ಲ. ನಾಲ್ಕಾರು ದಿನಗಳಲ್ಲಿ ದನಿ ತಾನಾಗಿ ಮರಳುತ್ತದೆ. ನಾನು ಈ ಲೇಖನವನ್ನು ಬರೆಯಲು ಕುಳಿತದ್ದು ಉಳಿದ ಸಣ್ಣ ಪಾಲಿನ ಸಲುವಾಗಿ. ಅಂಥವರಲ್ಲಿ ದನಿ ಮರಳುವುದಿಲ್ಲ. ಆದರೂ, "ಅವತ್ತು ಮ್ಯಾಚಿನಲ್ಲಿ ಕೂಗಿದ್ದೆನಲ್ಲ, ಅದಕ್ಕೇ" ಎಂಬ ಒಂದು ಸಿದ್ಧ ಕಾರಣವು ಕೈಯಲ್ಲಿರುವುದರಿಂದ ಅವರು ಬೇರೆ ಕಾರಣವನ್ನು ಹುಡುಕುವುದೇ ಇಲ್ಲ. ಈ ಸಿದ್ಧ ಕಾರಣವೇ ನನ್ನ ಆಕ್ಷೇಪಣೆಯ ವಸ್ತು.

2025ರ ಜೂನ್ 3, ಮಂಗಳವಾರ. ಅಹಮದಾಬಾದಿನಲ್ಲಿ ಐಪಿಎಲ್ ಅಂತಿಮ ಪಂದ್ಯ. 2008ರಿಂದ ಕಪ್ಪಿಗಾಗಿ ಕಾದಿದ್ದ ಬೆಂಗಳೂರು ತಂಡವು 190 ರನ್ ಗಳಿಸಿ, ಪಂಜಾಬ್ ತಂಡವನ್ನು 184ಕ್ಕೆ ತಡೆದು, ಬರೀ 6 ರನ್ನುಗಳ ಅಂತರದಲ್ಲಿ ಗೆದ್ದ ರಾತ್ರಿ. (ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ಆ ಗೆಲುವನ್ನು ನೆನೆಯುವಾಗ ಇದನ್ನು ನೆನೆಯದಿರಲು ಸಾಧ್ಯವಾಗುವುದಿಲ್ಲ.) ಆ ರಾತ್ರಿ ಕೊಂಡಜ್ಜಿಯಲ್ಲಿಯೂ ಯಾರೂ ಬೇಗ ಮಲಗಲಿಲ್ಲ. ಹುಡುಗರು ಒಂದು ಅಂಗಡಿಯ ಮುಂದೆ ದೊಡ್ಡ ಟಿ.ವಿ. ಇಟ್ಟುಕೊಂಡು ಕೂತಿದ್ದರು. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ರನ್ ಬೇಕಾಗಿತ್ತು, 22 ಬಂದವು. ಆ ಆರು ಎಸೆತಗಳ ಕಾಲ ಎದ್ದ ಗದ್ದಲ ನನ್ನ ಮನೆಯ ಕಿಟಕಿಯವರೆಗೂ ಬಂದಿತ್ತು.

ಮೂರು ದಿನಗಳ ಬಳಿಕ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನನ್ನು ಕರೆದುಕೊಂಡು ಬಂದ. ಮಗನಿಗೆ ಇಪ್ಪತ್ತಾರರ ವಯಸ್ಸು, ಹರಿಹರ–ದಾವಣಗೆರೆ ನಡುವೆ ಓಡುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್. "ಸಾರ್, ಇವ್ನ ದನಿ ಹೋಗಿ ಮೂರು ದಿನ ಆತ್ರೀ. ಹಬೆ ತಗಂಡ, ಹಾಲು ಕುಡ್ದ, ಏನೂ ಆಗ್ಲಿಲ್ಲ" ಎಂದ ತಂದೆ. ಮಗ ಮಾತಾಡಲು ಹೋದರೆ ಬರೀ ಗಾಳಿ, ನಡುವೆ ಒಂದೊಂದು ಒಡಕು ಅಕ್ಷರ. ಮೂರು ದಿನವೂ ಕೆಲಸಕ್ಕೆ ಹೋಗಿದ್ದನೆಂದೂ, ದನಿ ಬಾರದ್ದರಿಂದ ಪಿಸುಗುಟ್ಟುತ್ತಲೇ ಟಿಕೆಟ್ ಹರಿದನೆಂದೂ ತಿಳಿಯಿತು.

ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ಅಭ್ಯಾಸದಿಂದ, ಔಷಧಿಯ ಮಾತಿಗೆ ಮುನ್ನ ಗಂಟಲಿನೊಳಗೆ ಆ ರಾತ್ರಿ ಏನಾಗಿರಬಹುದೆಂಬುದನ್ನು ಅವರಿಗೆ ಹೇಳಿದೆ. ಅದನ್ನೇ ಇಲ್ಲಿಯೂ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲವೂ ಅದರ ಮೇಲೆ ನಿಂತಿದೆ.

ಕೊರಳಿನ ಮುಂಭಾಗದಲ್ಲಿ ಕೈಗೆ ಸಿಗುವ ಗಟ್ಟಿಯಾದ ಉಬ್ಬೇ ಧ್ವನಿಪೆಟ್ಟಿಗೆ. ಅದರೊಳಗೆ, ಶ್ವಾಸನಾಳದ ಬಾಯಿಯಲ್ಲಿ, ಎರಡು ಮೃದುವಾದ ಮಡಿಕೆಗಳಿವೆ. ಧ್ವನಿತಂತು ಎಂದು ಪಠ್ಯಪುಸ್ತಕಗಳು ಕರೆದರೂ ಅವು ವೀಣೆಯ ತಂತಿಯಂತಿಲ್ಲ, ತುಟಿಗಳಂತಿವೆ. ಉಸಿರು ಬಿಡುವಾಗ ಅವು ಒಂದಕ್ಕೊಂದು ತಾಗಿ ಬೇರಾಗುತ್ತವೆ. ಗಂಡಸು ಸಾಧಾರಣವಾಗಿ ಮಾತಾಡುವಾಗ ಒಂದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಾದರೆ ಸುಮಾರು 200 ಸಲ. ಕೂಗುವಾಗ ಈ ಸಂಖ್ಯೆಯು ಎರಡು ಪಟ್ಟನ್ನೂ ಮೀರುತ್ತದೆ. 300 ಎಂದೇ ಹಿಡಿಯಿರಿ. ಒಂದು ಪಂದ್ಯದಲ್ಲಿ ಎಲ್ಲ ಕೂಗುಗಳನ್ನೂ ಸೇರಿಸಿ ಅರ್ಧ ಗಂಟೆ ಕೂಗಿದರೆ 1800 ಸೆಕೆಂಡು. ಗುಣಿಸಿದರೆ 5,40,000 ತಾಡನಗಳು. ಅವೂ ಮಾತಿನ ಮೆದು ತಾಡನಗಳಲ್ಲ. ಚಪ್ಪಾಳೆಯನ್ನು ಮೆಲ್ಲಗೆ ತಟ್ಟುವುದಕ್ಕೂ ಜೋರಾಗಿ ತಟ್ಟುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಐದು ಲಕ್ಷ ಚಪ್ಪಾಳೆ ತಟ್ಟಿದ ಅಂಗೈ ಹೇಗಿರುತ್ತದೆಂದು ಊಹಿಸಿದರೆ ಮರುದಿನದ ಗಂಟಲು ಅರ್ಥವಾಗುತ್ತದೆ.

ಆ ಮಡಿಕೆಗಳು ಊದಿಕೊಳ್ಳುತ್ತವೆ. ಊದಿದಾಗ ಭಾರವಾಗುತ್ತವೆ, ಭಾರವಾದದ್ದು ನಿಧಾನವಾಗಿ ಕಂಪಿಸುವುದರಿಂದ ದನಿ ದಪ್ಪಗಾಗುತ್ತದೆ. ಅಂಚುಗಳು ಸಮನಾಗಿ ಕೂಡುವುದಿಲ್ಲವಾದ್ದರಿಂದ ನಡುವೆ ಗಾಳಿ ಸೋರುತ್ತದೆ, ಅದೇ ಗೊಗ್ಗರು. ಇಷ್ಟೇ ಆಗಿದ್ದರೆ ಭಯವಿಲ್ಲ. ಉಳುಕಿದ ಕಾಲಿನ ಊತದಂತೆ ಇದೂ ಇಳಿಯುತ್ತದೆ, ಆ ಕಾಲಿನ ಮೇಲೆ ನಡೆಯದಿದ್ದರೆ.

ಇನ್ನೊಂದು ಬಗೆಯಿದೆ. ಮಡಿಕೆಯೊಳಗೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹರಿಯುತ್ತವೆ. ಒಂದು ಭಾರೀ ಕೂಗಿನಲ್ಲಿ ಅಂಥದೊಂದು ನಾಳ ಒಡೆದು ಮಡಿಕೆಯೊಳಗೇ ರಕ್ತ ಹರಡಬಹುದು. ಇಂಥವರ ದನಿಯು ಮೆಲ್ಲಮೆಲ್ಲಗೆ ಗೊಗ್ಗರಾಗುವುದಿಲ್ಲ. ಆ ಒಂದು ಕೂಗಿನಲ್ಲಿಯೇ, ದೀಪ ಆರಿದಂತೆ, ಹೋಗಿಬಿಡುತ್ತದೆ. ನೋವು ಇರಲೂಬಹುದು, ಇಲ್ಲದೆಯೂ ಇರಬಹುದು. ಆದುದರಿಂದ ನಾನು ಆ ಹುಡುಗನಿಗೆ ಮೊದಲು ಕೇಳಿದ ಪ್ರಶ್ನೆ: "ದನಿ ನಿಧಾನಕ್ಕೆ ಕೆಟ್ಟಿತೋ, ಒಮ್ಮೆಲೇ ಹೋಯಿತೋ?" ಅವನು ಕಾಗದದ ಮೇಲೆ ಬರೆದು ತೋರಿಸಿದ: ಪಂದ್ಯದ ನಡುವೆಯೇ ಕೆಟ್ಟಿತ್ತು, ಕಪ್ ಗೆದ್ದ ಮೇಲೂ ಕೂಗುತ್ತಲೇ ಇದ್ದೆ, ಬೆಳಿಗ್ಗೆ ಎದ್ದಾಗ ಪೂರ್ತಿ ಇರಲಿಲ್ಲ. ಅಂದರೆ ನಿಧಾನಕ್ಕೆ ಕೆಟ್ಟದ್ದು. ಉಸಿರಾಟಕ್ಕೆ ತೊಂದರೆಯಿಲ್ಲ, ನುಂಗಲು ನೋವಿಲ್ಲ, ಕಫದಲ್ಲಿ ರಕ್ತವಿಲ್ಲ. ಒಮ್ಮೆಲೇ ಹೋಗಿದ್ದರೆ ಅಂದೇ ದಾವಣಗೆರೆಗೆ ಕಳಿಸುತ್ತಿದ್ದೆ. ಅಂಥವರು ವೈದ್ಯರು ನೋಡುವವರೆಗೂ ಸಂಪೂರ್ಣ ಮೌನದಲ್ಲಿರಬೇಕು, ನೋವಿಗೆಂದು ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ತಾವಾಗಿ ನುಂಗಬಾರದು, ಏಕೆಂದರೆ ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಮೊದಲಿನಿಂದ ತೆಗೆದುಕೊಳ್ಳುತ್ತಿರುವವರು ಅದನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಈಗ ವಿಶ್ರಾಂತಿಯ ಮಾತು. "ಗಂಟಲಿಗೆ ರೆಸ್ಟ್ ಕೊಡು" ಎಂದು ಎಲ್ಲರೂ ಹೇಳುತ್ತಾರೆ. ಹಾಗೆಂದರೆ ಏನೆಂದು ಯಾರೂ ಹೇಳುವುದಿಲ್ಲ. ನಮ್ಮ ಹುಡುಗ ಪಿಸುಗುಟ್ಟಿದ್ದನ್ನು ವಿಶ್ರಾಂತಿಯೆಂದೇ ತಿಳಿದಿದ್ದ. ಬಸ್ಸಿನ ಸದ್ದಿನಲ್ಲಿ ಕೇಳಿಸುವಷ್ಟು ಬಲವಾಗಿ ಪಿಸುಗುಟ್ಟಬೇಕಾದರೆ ಧ್ವನಿಪೆಟ್ಟಿಗೆಯ ಸುತ್ತಣ ಸ್ನಾಯುಗಳನ್ನು ಬಿಗಿಹಿಡಿಯಬೇಕಾಗುತ್ತದೆ. ಹಲವರಲ್ಲಿ ಇದು ಮಾತಿಗಿಂತಲೂ ಹೆಚ್ಚಿನ ಹೊರೆ. ಮಾತಾಡಲೇಬೇಕಾದಾಗ, ಕೈಯಳತೆಯಲ್ಲಿರುವವನಿಗೆ ಗುಟ್ಟು ಹೇಳುವಷ್ಟು ಮೆದುವಾಗಿ, ಆದರೆ ದನಿಯಿಂದಲೇ, ಚಿಕ್ಕ ವಾಕ್ಯಗಳಲ್ಲಿ ಆಡುವುದು ಮೇಲು. ಮೊದಲ ಎರಡು ಮೂರು ದಿನ ಆದಷ್ಟೂ ಮೌನ. ಮೊಬೈಲಿನಲ್ಲಿ ಟೈಪು ಮಾಡಬಹುದು, ಸನ್ನೆ ಮಾಡಬಹುದು. ಮೊಬೈಲಿನಲ್ಲಿ ಮಾತಾಡುವುದು ಬೇಡ, ಅದರಲ್ಲಿ ನಾವೆಲ್ಲರೂ ಅರಿಯದೆಯೇ ದನಿಯೇರಿಸುತ್ತೇವೆ. ಆ ಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮಾತು. ವಾರಗಟ್ಟಲೆ ಮೌನವ್ರತ ಹಿಡಿಯಬೇಕೆಂದೇನೂ ಇಲ್ಲ. ವೈದ್ಯರು ಕಾರಣ ಕಂಡು ಹೇಳಿದರೆ ಮಾತ್ರ ಅದು.

ಮತ್ತೊಂದು ದುರಭ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗಂಟಲಲ್ಲಿ ಏನೋ ಸಿಕ್ಕಿದಂತಾಗಿ ನಿಮಿಷಕ್ಕೊಮ್ಮೆ "ಹ್ಂ, ಹ್ಂ" ಎಂದು ಕೆರೆಯುವುದು. ಊತವೇ ಆ ಭ್ರಮೆಯನ್ನು ಹುಟ್ಟಿಸುತ್ತದೆ. ಕೆರೆದಾಗ ಊದಿದ ಎರಡು ಮಡಿಕೆಗಳು ಬಲವಾಗಿ ಬಡಿದುಕೊಂಡು ಇನ್ನಷ್ಟು ಊದುತ್ತವೆ. ಹಾಗನ್ನಿಸಿದಾಗ ಒಂದು ಗುಟುಕು ನೀರು ಕುಡಿದು ನುಂಗಬೇಕು. ನನ್ನ ಅನೇಕ ಶಿಕ್ಷಕ ಮಿತ್ರರು ನಿವೃತ್ತಿಯ ನಂತರವೂ ಈ ಕೆರೆತವನ್ನು ಬಿಟ್ಟಿಲ್ಲ, ತರಗತಿಯನ್ನು ಹತೋಟಿಗೆ ತರಲು ಕಲಿತದ್ದು ಈಗ ಮೊಮ್ಮಕ್ಕಳ ಮುಂದೆ ನಡೆದಿದೆ.

ಹಬೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಬಂಧುಗಳಿಗೆ ರುಚಿಸಲಾರದು. ಹಬೆಯು ಔಷಧವಲ್ಲ. ಅದು ಒಣಗಿದ ಗಂಟಲಿಗೆ ಹಿತ ಕೊಡುತ್ತದೆ, ಅಂಟಿದ ಕಫವನ್ನು ಸಡಿಲಿಸುತ್ತದೆ, ಹದಿನೈದು ನಿಮಿಷ ಬಾಯಿ ಮುಚ್ಚಿ ಕೂರುವಂತೆ ಮಾಡುತ್ತದೆ. ಈ ಕೊನೆಯದೇ ಅದರ ದೊಡ್ಡ ಗುಣವೆಂದು ನಾನು ಕೆಲವೊಮ್ಮೆ ತಮಾಷೆ ಮಾಡುವುದುಂಟು. ಮಡಿಕೆಯ ಒಳಗಿನ ಊತವನ್ನು ಹಬೆಯು ಬೇಗ ಇಳಿಸುತ್ತದೆಂಬುದಕ್ಕೆ ಒಳ್ಳೆಯ ಆಧಾರವಿಲ್ಲ. ಆದರೆ ಉಪ್ಪುನೀರು, ಜೇನು, ಅರಿಶಿನದ ಹಾಲಿಗಿಂತ ಹಬೆಗೆ ಒಂದು ಮೇಲ್ಮೆಯಿದೆ: ಅದು ಉಸಿರಿನೊಡನೆ ಧ್ವನಿಪೆಟ್ಟಿಗೆಯವರೆಗೆ ಹೋಗುತ್ತದೆ. ನುಂಗಿದ ವಸ್ತು ಹೋಗುವುದಿಲ್ಲ. ನುಂಗುವಾಗ ಶ್ವಾಸನಾಳದ ಮೇಲಿನ ಮುಚ್ಚಳ ಬಾಗಿ, ಮಡಿಕೆಗಳೂ ಮುಚ್ಚಿಕೊಂಡು, ಹಾಲು ಹಿಂದಿನ ಅನ್ನನಾಳಕ್ಕೆ ಜಾರುತ್ತದೆ. ಒಂದು ಹನಿ ತಪ್ಪಿ ಧ್ವನಿಪೆಟ್ಟಿಗೆಗೆ ಬಿದ್ದರೂ ನೆತ್ತಿಗೇರಿತೆಂದು ಕೆಮ್ಮುತ್ತೇವಲ್ಲ? ಆದುದರಿಂದ ಜೇನು "ಗಂಟಲನ್ನು ಸವರಿತು" ಎಂದರೆ ಅದು ನುಂಗುವ ಗಂಟಲೇ ಹೊರತು ದನಿಯ ಗಂಟಲಲ್ಲ. ಕುಡಿಯಬೇಡಿರೆಂದು ಹೇಳುತ್ತಿಲ್ಲ, ಅದರಿಂದಲೇ ದನಿ ಬಂದಿತೆಂದು ನಂಬಬೇಡಿರೆನ್ನುತ್ತೇನೆ. ದಿನವಿಡೀ ಆಗಾಗ್ಗೆ ಕುಡಿಯುವ ಸಾದಾ ನೀರು ದೇಹದ ಒಳಗಿನಿಂದಲೇ ಆ ಮಡಿಕೆಗಳನ್ನು ತೇವವಾಗಿರಿಸುತ್ತದೆ. ಮೂತ್ರದ ಬಣ್ಣ ತೆಳುವಾಗಿದ್ದರೆ ನೀರು ಸಾಕಷ್ಟಾಯಿತೆಂದು ಅರ್ಥ.

ಹಬೆ ತೆಗೆದುಕೊಳ್ಳುವುದಾದರೆ ಹೀಗೆ: ನೀರು ಕುದಿದ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲುಗಾಡದ ಮೇಜಿನ ಮೇಲಿಟ್ಟು, ಎರಡು ಮೂರು ನಿಮಿಷ ಬಿಟ್ಟು, ಮುಖ ಸುಡದಷ್ಟು ದೂರದಲ್ಲಿ ಕುಳಿತು, ಐದರಿಂದ ಹತ್ತು ನಿಮಿಷ ಬಾಯಿಂದ ಮೆಲ್ಲಗೆ ಉಸಿರೆಳೆಯಬೇಕು. ದಿನಕ್ಕೆ ಎರಡು ಸಲ ಧಾರಾಳ. ನೀಲಗಿರಿ ಎಣ್ಣೆ, ಮುಲಾಮು, ಕರ್ಪೂರ ಯಾವುದೂ ಬೇಡ. ಅವು ತಂಪೆನ್ನಿಸುವ ಅನುಭವ ಕೊಡುತ್ತವೆಯೇ ಹೊರತು ತೇವವನ್ನು ಹೆಚ್ಚಿಸುವುದಿಲ್ಲ, ಕೆಲವರಿಗೆ ಕೆಮ್ಮನ್ನೂ ತರಿಸುತ್ತವೆ. ಕರ್ಪೂರವಂತೂ ಸಣ್ಣ ಮಕ್ಕಳಿಗೆ ವಿಷ. ಮಕ್ಕಳನ್ನು ಕಂಬಳಿ ಹೊದಿಸಿ ಬಿಸಿನೀರಿನ ಪಾತ್ರೆಯ ಮುಂದೆ ಕೂರಿಸುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿರಿ. ಮಗು ಕಾಲು ಝಾಡಿಸಿದರೆ ಸಾಕು, ತೊಡೆಯ ಮೇಲೆ ಬಿಸಿನೀರು. ಗೊಗ್ಗರು ದನಿ ವಾರದಲ್ಲಿ ಹೋಗುತ್ತದೆ, ಸುಟ್ಟ ಕಲೆ ಹೋಗುವುದಿಲ್ಲ.

ಹುಡುಗನ ಕಥೆಗೆ ಬರೋಣ. ಮಾಲೀಕನು ಮೂರು ದಿನ ರಜೆ ಕೊಟ್ಟ. ಹುಡುಗ ಮೌನವಾಗಿದ್ದ, ನೀರು ಕುಡಿದ, ಗುಟ್ಕಾವನ್ನು ಕಷ್ಟಪಟ್ಟು ಬಿಟ್ಟ. ಏಳನೆಯ ದಿನಕ್ಕೆ ಮಾತು ಕೇಳುವಂತಾಯಿತು. ಅಲ್ಲಿಗೆ ವಾಸಿಯಾಯಿತೆಂದು ಮನೆಯವರು ಸಂತೋಷಪಟ್ಟರು, ಅವನು ಮತ್ತೆ ಬಸ್ಸಿನ ಬಾಗಿಲಲ್ಲಿ ನಿಂತು "ದಾವಣಗೆರೆ, ದಾವಣಗೆರೆ" ಎಂದು ಕೂಗತೊಡಗಿದ. ಆದರೆ ಅವರಿಗೆ ನಾನು ಒಂದು ಮನೆಗೆಲಸ ಕೊಟ್ಟಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 3ಕ್ಕೆ ಒಂದು ಸುತ್ತು, ಅಲ್ಲಿಂದ ನಾಲ್ಕು ವಾರ ಎಣಿಸಿ ಜುಲೈ 1ಕ್ಕೆ ಇನ್ನೊಂದು ಸುತ್ತು. ಪ್ರತಿದಿನ ರಾತ್ರಿ ಮಲಗುವ ಮುನ್ನ "ಹ್ಯಾಪಿ ಬರ್ತ್‌ಡೇ" ಹಾಡನ್ನು ಮೆಲ್ಲಗೆ, ಸ್ವಲ್ಪ ಏರು ಸ್ಥಾಯಿಯಲ್ಲಿ ಗುನುಗಬೇಕು. ಯಾವ ಜಾಗದಲ್ಲಿ ದನಿ ಒಡೆಯಿತು, ಎಲ್ಲಿ ಬರೀ ಗಾಳಿ ಬಂತು ಎಂದು ನೋಡಬೇಕು. ಮಡಿಕೆಯಲ್ಲಿ ಸ್ವಲ್ಪ ಊತವಿದ್ದರೂ ಮಾತಿನ ದನಿ ಸರಿಯಾಗಿ ಕೇಳಿಸಬಹುದು. ಮೆದುವಾದ ಏರುಸ್ವರ ಮಾತ್ರ ಸುಳ್ಳು ಹೇಳುವುದಿಲ್ಲ. ಸಂಗೀತಗಾರರ ಗಂಟಲನ್ನು ನೋಡುವ ವೈದ್ಯರು ಬಳಸುವ ಪರೀಕ್ಷೆಯಿದು.

ಮೂರನೆಯ ವಾರದಲ್ಲಿ ಅವನು ತಾನೇ ಬಂದು ಹೇಳಿದ: ಬೆಳಿಗ್ಗೆ ದನಿ ಚೆನ್ನಾಗಿರುತ್ತದೆ, ಸಂಜೆಯ ಹೊತ್ತಿಗೆ ಗೊಗ್ಗರು, ಏರುಸ್ವರ ದಿನವೂ ಅದೇ ಜಾಗದಲ್ಲಿ ಒಡೆಯುತ್ತದೆ. ಜುಲೈ 1 ಬಂದಾಗಲೂ ಹಾಗೆಯೇ ಇತ್ತು. ತಂದೆಗೆ ಹೋಗಲು ಮನಸ್ಸಿರಲಿಲ್ಲ. "ಮ್ಯಾಚಿನಾಗೆ ಕೂಗಿದ್ದಕ್ಕೆ ಆಗಿರದು ಸಾರ್, ಆಸ್ಪತ್ರೆಗೆ ಹೋಗಿ ಏನು ಮಾಡದು?" ಎಂದ. ನಾನು ಹೇಳಿದ್ದಿಷ್ಟು: "ನೋಡಪ್ಪ, ಕೂಗಿದ ಊತ ಎರಡು ವಾರದಲ್ಲಿ ಇಳಿಯಬೇಕಿತ್ತು. ಇಳಿದಿಲ್ಲವೆಂದ ಮೇಲೆ ಈಗಿರುವ ಗೊಗ್ಗರಿಗೆ ಪಂದ್ಯ ಒಂದೇ ಉತ್ತರವಾಗುವುದಿಲ್ಲ. ಒಳಗೇನಿದೆ ಎಂದು ನೋಡಲೇಬೇಕು."

ನಾಲ್ಕು ವಾರ ಎಂಬ ಈ ಗಡಿಯನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಅಮೆರಿಕದ ಕಿವಿ–ಮೂಗು–ಗಂಟಲು ತಜ್ಞರ ಸಂಸ್ಥೆಯು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ತಿಂಗಳವರೆಗೆ ಕಾಯಲು ಅವಕಾಶವಿತ್ತು. 2018ರಲ್ಲಿ ಅದನ್ನು ಪರಿಷ್ಕರಿಸಿ ನಾಲ್ಕು ವಾರಗಳಿಗೆ ಇಳಿಸಿದರು: ಅಷ್ಟರಲ್ಲಿ ದನಿ ಸರಿಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ಕಣ್ಣಿಂದ ನೋಡಬೇಕು; ಗಂಭೀರ ಕಾರಣದ ಸಂಶಯವಿದ್ದರೆ ಅಷ್ಟು ದಿನವೂ ಕಾಯಬಾರದು. ಬ್ರಿಟನ್ನಿನಲ್ಲಿ ಜನರಿಗೆ ಹೇಳುವುದು ಮೂರು ವಾರ. ಹೊಗೆಸೊಪ್ಪು, ಬೀಡಿ, ಮದ್ಯದ ಅಭ್ಯಾಸವಿರುವವರಿಗೆ ಮತ್ತು ನಲವತ್ತೈದು ದಾಟಿದವರಿಗೆ ಮೂರೇ ಸಾಕೆಂಬುದು ನನ್ನ ಮತ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ, ನಮ್ಮ ಕಡೆಗೆ ಬಹಳ ಬೇಕಾದದ್ದು: ಒಳಗೆ ನೋಡದೆ ಗೊಗ್ಗರು ದನಿಗೆ ಆ್ಯಂಟಿಬಯಾಟಿಕ್ಕನ್ನಾಗಲೀ ಸ್ಟಿರಾಯ್ಡನ್ನಾಗಲೀ ವಾಡಿಕೆಯಂತೆ ಕೊಡಬಾರದು. ಕೂಗಿದ ಗಂಟಲಿನಲ್ಲಿ ಕೊಲ್ಲಬೇಕಾದ ಕ್ರಿಮಿ ಯಾವುದೂ ಇಲ್ಲ. "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ, ನಾಳೆ ಡ್ಯೂಟಿ ಐತಿ" ಎಂದು ನಾವೇ ಒತ್ತಾಯಿಸುತ್ತೇವೆ. ಸ್ಟಿರಾಯ್ಡಿನಿಂದ ಊತ ಇಳಿದು ದನಿ ಬಂದರೆ ಮರುದಿನ ಮತ್ತೆ ಕೂಗುತ್ತೇವೆ. ಒಳಗೆ ರಕ್ತನಾಳ ಒಡೆದಿದ್ದರೆ ಗಾಯದ ಮೇಲೆ ಗಾಯ.

ಹುಡುಗನನ್ನು ದಾವಣಗೆರೆಯ ಗಂಟಲು ತಜ್ಞರೊಬ್ಬರು ನೋಡಿದರು. ಮೂಗಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ಸೇಮಿಗೆಗಿಂತ ಸ್ವಲ್ಪ ದಪ್ಪನೆಯ, ಬಾಗುವ ಕೊಳವೆಯನ್ನು ಒಳಗೆ ಬಿಟ್ಟು, "ಈ... ಎನ್ನು" ಎಂದರಂತೆ. ಎಲ್ಲ ಸೇರಿ ಐದು ನಿಮಿಷ. ಎಡಗಡೆಯ ಮಡಿಕೆಯ ಅಂಚಿನಲ್ಲಿ ಕೆಂಪು ಬಣ್ಣದ ಸಣ್ಣದೊಂದು ಗುಳ್ಳೆಯನ್ನು ಪರದೆಯ ಮೇಲೆ ಅವನಿಗೇ ತೋರಿಸಿದರು. ಪಾಲಿಪ್ ಎನ್ನುತ್ತಾರೆ. ದೀರ್ಘಕಾಲ ದನಿಯನ್ನು ದುಡಿಸಿಕೊಳ್ಳುವವರಲ್ಲಿ, ಮುಖ್ಯವಾಗಿ ಶಿಕ್ಷಕಿಯರಲ್ಲಿ, ಎರಡೂ ಕಡೆ ಎದುರುಬದುರಾಗಿ ಏಳುವ ಗಂಟುಗಳು ಬೇರೆ. ಪಾಲಿಪ್ ಸಾಮಾನ್ಯವಾಗಿ ಒಂದೇ ಕಡೆ ಏಳುತ್ತದೆ, ಒಂದೇ ರಾತ್ರಿಯ ಕೂಗಿನಿಂದಲೂ ಹುಟ್ಟಬಹುದು. ಅಂದರೆ ತಂದೆ ಹೇಳಿದ್ದು ಒಂದರ್ಥದಲ್ಲಿ ನಿಜವೇ ಆಗಿತ್ತು, ಮೂಲ ಆ ಪಂದ್ಯವೇ. ಆದರೆ ಅದು ಕಾದು ಕೂತರೆ ಇಳಿಯುವ ಊತವಾಗಿರಲಿಲ್ಲ.

ಚಿಕಿತ್ಸೆಯೆಂದು ಅವರು ಮೊದಲು ಕತ್ತಿ ಹಿಡಿಯಲಿಲ್ಲ. ಗುಳ್ಳೆ ಚಿಕ್ಕದು, ಹೊಸದು. ಕೆಲವು ಹಾಗೆಯೇ ಕುಗ್ಗುತ್ತವೆಂದು ಹೇಳಿ ಧ್ವನಿ ತರಬೇತಿಗೆ ಕಳಿಸಿದರು. ಅಲ್ಲಿ ಕಲಿಸಿದ ಒಂದು ಅಭ್ಯಾಸ ನನಗೆ ಬಹಳ ಹಿಡಿಸಿತು: ಅರ್ಧ ಲೋಟ ನೀರಿನಲ್ಲಿ ಎಳನೀರು ಕುಡಿಯುವ ಕೊಳವೆಯನ್ನು ಎರಡು ಬೆರಳಿನಷ್ಟು ಮುಳುಗಿಸಿ, "ಊ" ಎಂದು ಗುನುಗುತ್ತಾ ಗುಳ್ಳೆ ಎಬ್ಬಿಸುವುದು. ಕೊಳವೆಯ ಕಡೆಯಿಂದ ಹಿಂದಕ್ಕೆ ಒತ್ತುವ ಗಾಳಿ ಮಡಿಕೆಗಳು ಬಡಿದುಕೊಳ್ಳದಂತೆ ಹಿಡಿದು, ಮೆಲ್ಲಗೆ ಕಂಪಿಸಲು ಕಲಿಸುತ್ತದೆ. ಕೂಗುವುದಕ್ಕೆ ಬದಲು ಪೀಪಿ ಊದಬೇಕೆಂದರು. ಕಂಡಕ್ಟರನ ಕೊರಳಲ್ಲಿ ಪೀಪಿ ನೇತಾಡುತ್ತಲೇ ಇರುತ್ತದೆ, ಜನರನ್ನು ಕರೆಯಲು ಮಾತ್ರ ಅವನು ಗಂಟಲನ್ನು ಬಳಸುತ್ತಾನೆ! ಬಸ್ಸಿನ ಬಾಗಿಲಲ್ಲಿ ಅವನೊಂದು ದೊಡ್ಡ ಅಕ್ಷರದ ಫಲಕ ಕಟ್ಟಿದ. ಅಕ್ಟೋಬರಿನಲ್ಲಿ ಮತ್ತೆ ಕೊಳವೆ ಬಿಟ್ಟು ನೋಡಿದಾಗ ಗುಳ್ಳೆ ಬಹುಪಾಲು ಕುಗ್ಗಿತ್ತು. ಕುಗ್ಗದಿದ್ದರೆ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ಸೂಕ್ಷ್ಮ ಉಪಕರಣಗಳಿಂದ ತೆಗೆಯುತ್ತಿದ್ದರು. ಕೊರಳಿನ ಮೇಲೆ ಗಾಯವಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯಾಗಿದ್ದ ದೈಹಿಕ ಶಿಕ್ಷಕರೊಬ್ಬರು ಒಂದು ಕಬಡ್ಡಿ ಪಂದ್ಯಾವಳಿಯಲ್ಲಿ ಎರಡು ದಿನ ಕೂಗಿ ದನಿ ಕಳೆದುಕೊಂಡರು. ಅವರಿಗಾಗ ಐವತ್ತೆರಡು, ದಿನಕ್ಕೊಂದು ಕಟ್ಟು ಬೀಡಿ. ತಿಂಗಳಾಯಿತು, ಎರಡಾಯಿತು, ಯಾರು ಕೇಳಿದರೂ "ಕಬಡ್ಡಿಯ ಪ್ರಸಾದ" ಎಂದು ನಗುತ್ತಿದ್ದರು. ನಡುವೆ ಕೆಲವು ಕಡೆ ತೋರಿಸಿದ್ದರು, ಮಾತ್ರೆ ಸಿಕ್ಕಿತು, ಒಳಗೆ ಮಾತ್ರ ಯಾರೂ ನೋಡಲಿಲ್ಲ. ಎಂಟನೆಯ ತಿಂಗಳಲ್ಲಿ ಕಿವಿನೋವು ಬಂತು, ಆಮೇಲೆ ಕೊರಳಿನಲ್ಲೊಂದು ಗಂಟು. ಬೆಂಗಳೂರಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಕೊರಳ ಕೆಳಗಿನ ರಂಧ್ರದಿಂದ ಉಸಿರಾಡುತ್ತಾರೆ. ಮೈದಾನದ ಆ ತುದಿಯಲ್ಲಿ ಸಾಲು ತಪ್ಪಿದ ಹುಡುಗನನ್ನು ಈ ತುದಿಯಿಂದ ಹೆಸರು ಹಿಡಿದು ನಿಲ್ಲಿಸುತ್ತಿದ್ದ ಮನುಷ್ಯ, ಮನೆಗೆ ಹೋದರೆ ಸ್ಲೇಟಿನ ಮೇಲೆ "ಕೂತ್ಕೊಳ್ಳಿ, ಕಾಫಿ?" ಎಂದು ಬರೆಯುತ್ತಾರೆ. ನಿಮ್ಮಲ್ಲಿ ಅನೇಕರಿಗೆ ಅವರಾರೆಂದು ತಿಳಿದೀತು, ಹೆಸರು ಬೇಡ.

ಧ್ವನಿತಂತುವಿನ ಕ್ಯಾನ್ಸರಿಗೆ ಒಂದು ವಿಚಿತ್ರ ಸೌಜನ್ಯವಿದೆ. ಹೊಟ್ಟೆಯ ಅಥವಾ ಶ್ವಾಸಕೋಶದ ಗೆಡ್ಡೆ ಬಹಳ ಬೆಳೆಯುವವರೆಗೂ ಬಾಯಿ ಬಿಡುವುದಿಲ್ಲ. ಇದಾದರೆ ಸಾಸಿವೆಯಷ್ಟಿರುವಾಗಲೇ ಮಡಿಕೆಯ ಅಂಚನ್ನು ಕೆಡಿಸಿ ದನಿಯನ್ನು ಬದಲಿಸುತ್ತದೆ, ತಾನಿದ್ದೇನೆಂದು ತಾನೇ ಹೇಳುತ್ತದೆ. ಆ ಹಂತದಲ್ಲಿ ಸಿಕ್ಕಿದರೆ ವಿಕಿರಣ ಅಥವಾ ಲೇಸರಿನಿಂದ ಹೆಚ್ಚಿನವರು ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ನನ್ನ ಮಿತ್ರರಿಗೆ ಆ ಕರೆ ಬಂದಿತ್ತು. ಕಬಡ್ಡಿಯ ಗದ್ದಲದಲ್ಲಿ ಕೇಳಿಸಲಿಲ್ಲ. ಗೊಗ್ಗರಾದವರಿಗೆಲ್ಲ ಕ್ಯಾನ್ಸರ್ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಪಂದ್ಯದಲ್ಲಿ ಕೂಗಿದ ಹುಡುಗರಲ್ಲಿ ಅದು ತೀರಾ ಅಪರೂಪ. ಆದರೆ ಪಾಲಿಪ್ಪಿನ ಗೊಗ್ಗರೂ ಗೆಡ್ಡೆಯ ಗೊಗ್ಗರೂ ಕಿವಿಗೆ ಒಂದೇ ರೀತಿ ಕೇಳಿಸುತ್ತವೆ. ಹೊರಗಿನಿಂದ ಕೇಳಿ ಬೇರ್ಪಡಿಸಲು ವೈದ್ಯರಿಂದಲೂ ಸಾಧ್ಯವಿಲ್ಲ, ನೋಡಲೇಬೇಕು.

ಹಾಗೆ ನೋಡುವ ಉಪಾಯ ಕಂಡುಹಿಡಿದವನು ವೈದ್ಯನಲ್ಲ, ನಮ್ಮಂತೆ ಒಬ್ಬ ಮೇಷ್ಟ್ರು ಎಂಬುದು ನನಗೆ ಹೆಮ್ಮೆಯ ವಿಷಯ. ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಸಂಗೀತ ಶಿಕ್ಷಕ. ಶಿಷ್ಯರ ಗಂಟಲಿನೊಳಗೆ ಏನು ನಡೆಯುತ್ತದೆಂದು ತಿಳಿಯುವ ಹಂಬಲದಿಂದ, 1854ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನ ಹಿಂಭಾಗಕ್ಕಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿ, ತನ್ನದೇ ಧ್ವನಿತಂತುಗಳು ಹಾಡುವಾಗ ಚಲಿಸುವುದನ್ನು ಕಂಡ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಆ ವರದಿ ಸಲ್ಲಿಕೆಯಾಯಿತು. ಆ ಪುಟ್ಟ ಕನ್ನಡಿಯ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಕಿವಿ–ಮೂಗು–ಗಂಟಲು ವಿಭಾಗವಿದೆ. ದೊಡ್ಡ ಊರಿಗೆ ಓಡಬೇಕಾಗಿಲ್ಲ.

ಹೋದಾಗ ವೈದ್ಯರಿಗೆ ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ: ಯಾವ ತಾರೀಕಿನಿಂದ, ಒಮ್ಮೆಲೇ ಹೋಯಿತೋ ನಿಧಾನಕ್ಕೋ, ನಡುವೆ ಒಂದು ದಿನವಾದರೂ ಪೂರ್ತಿ ಸರಿಯಾಗಿತ್ತೋ, ಬೀಡಿ–ಗುಟ್ಕಾ ಎಷ್ಟು, ನುಂಗುವಾಗ ನೋವೋ, ಕಿವಿನೋವೋ, ಕೊರಳಲ್ಲಿ ಗಂಟೋ, ರಕ್ತವೋ, ತೂಕ ಇಳಿಯಿತೋ, ಯಾವ ಮಾತ್ರೆ ನುಂಗುತ್ತಿದ್ದೀರಿ. ಇವುಗಳಲ್ಲಿ ನೋವು, ಗಂಟು, ರಕ್ತ, ತೂಕದ ಇಳಿಕೆ ಇದ್ದರೆ ನಾಲ್ಕು ವಾರದ ಲೆಕ್ಕ ಬೇಡ, ಅದೇ ವಾರ ಹೋಗಿರಿ. ಶಸ್ತ್ರಚಿಕಿತ್ಸೆಯಾದ ಬಳಿಕ ದನಿ ಕೆಟ್ಟವರೂ ಅಷ್ಟೇ. ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ, ಎಂಜಲನ್ನೂ ನುಂಗಲಾಗದಿದ್ದರೆ, ಅಥವಾ ಆಡುವಾಗ ಚೆಂಡೋ ಮೊಣಕೈಯೋ ಕೊರಳಿಗೆ ಬಡಿದು ದನಿ ಹೋದರೆ, ಅದು ಆ ಗಂಟೆಯಲ್ಲಿಯೇ ತುರ್ತು ವಿಭಾಗಕ್ಕೆ ಹೋಗಬೇಕಾದ ಸಂಗತಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಹಬೆ ಬೇಡ, ಹಾಲು ಬೇಡ, ನೀರೂ ಬೇಡ.